ಆಸ್ಪತ್ರೆಯಲ್ಲಿರುವ ಗೆಳೆಯನನ್ನು ಮಾತಾಡಿಸಲು ಹೋದಾಗ

ಮುದಗಲ್ ಕಡೆ ಯಾರಾದರೂ ಆಸ್ಪತ್ರೆ ಸೇರಿದ ಸುದ್ದಿ ಬಂದರೆ ಸಂಜೆಯೊಳಗೆ ಓಣಿಯಲ್ಲಿ ಒಂದು ಮಾತು ಹುಟ್ಟುತ್ತದೆ: "ನಾಳೆ ಹೋಗಿ ಮಾತಾಡಿಸ್ಕೊಂಡು ಬರೋಣ." ಜ್ವರ, ಹೆರಿಗೆ, ಸಣ್ಣ ಗಾಯವಾದರೆ ಊರಿನ ಸರ್ಕಾರಿ ಆಸ್ಪತ್ರೆ ಇದೆ, ಇಲ್ಲವೆ ಲಿಂಗಸುಗೂರಿನ ತಾಲೂಕು ಆಸ್ಪತ್ರೆ. ಹೋಗಿ ಬರಲು ಅರ್ಧ ದಿನ ಸಾಕು. ದೊಡ್ಡ ಆಪರೇಷನ್ ಆದರೆ ಮಾತೇ ಬೇರೆ. ಆಗ ರಾಯಚೂರಿನ ರಿಮ್ಸ್, ಬಾಗಲಕೋಟೆ, ಕಲಬುರಗಿ ಅಥವಾ ಹುಬ್ಬಳ್ಳಿಗೆ ಹೋಗಬೇಕಾಗುತ್ತದೆ. ನಮ್ಮ ಜಿಲ್ಲಾ ಕೇಂದ್ರ ರಾಯಚೂರೇ ಮುದಗಲ್ಲಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಾಗಾಗಿ ನಾಲ್ಕೈದು ಮನೆಯವರು ಸೇರಿ ಒಂದು ಕ್ರೂಸರ್ ಮಾಡಿಕೊಂಡು ಹೋಗುತ್ತಾರೆ.

ತೊಡಕು ಶುರುವಾಗುವುದು ಇಲ್ಲಿಂದಲೇ. ಅಷ್ಟು ದೂರದಿಂದ ಬಂದು ಹತ್ತು ನಿಮಿಷಕ್ಕೆ ಎದ್ದರೆ ಮಂದಿ ಏನೆಂದುಕೊಂಡಾರು ಎಂಬ ಅಂಜಿಕೆ ಎಲ್ಲರಿಗೂ ಇರುತ್ತದೆ. ಆದ್ದರಿಂದ ಒಂದು ತಾಸು ಕೂಡುತ್ತಾರೆ. ಆದರೆ ಮಲಗಿದವನಿಗೆ ನಿಮ್ಮ ಪ್ರಯಾಣದ ದೂರ ತಿಳಿಯುವುದಿಲ್ಲ, ನೀವು ಕೂತ ಹೊತ್ತು ಮಾತ್ರ ತಿಳಿಯುತ್ತದೆ. ಹಾಗಾದರೆ ಎಷ್ಟು ಹೊತ್ತು ಇರಬೇಕು, ಏನು ಮಾತಾಡಬೇಕು, ಉಳಿದ ಸಮಯದಲ್ಲಿ ಏನು ಮಾಡಬೇಕು? ಒಂದು ಉದಾಹರಣೆ ಹಿಡಿದು ನೋಡೋಣ.

ನಿಮ್ಮ ಗೆಳೆಯನಿಗೆ ನಲವತ್ತು ವರ್ಷ, ಹೊಲದ ಕೆಲಸ. ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದಿದೆ. ಬಾಗಲಕೋಟೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದಾರೆ. ಮಂಗಳವಾರ ಬೆಳಿಗ್ಗೆ ಆಪರೇಷನ್ ಮಾಡಿ ಮೂಳೆಯ ಒಳಗೆ ಉದ್ದನೆಯ ರಾಡ್ ಹಾಕಿದ್ದಾರೆ. ನೀವು ಯಾವತ್ತು ಹೋಗಬೇಕು?

ಮಂಗಳವಾರ ಬೇಡ. ಇಂಥ ಆಪರೇಷನ್‌ಗೆ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ಸ್ಪೈನಲ್ ಅನಸ್ತೇಷಿಯಾ ಎನ್ನುತ್ತಾರೆ, ಅಂದರೆ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುವುದು. ಆಪರೇಷನ್ ಮುಗಿದ ಮೇಲೂ ಕೆಲವು ತಾಸು ಕಾಲು ತನ್ನದೇ ಅಲ್ಲ ಎನ್ನುವ ಹಾಗಿರುತ್ತದೆ. ಅದರ ಪ್ರಭಾವ ಇಳಿಯುತ್ತಿದ್ದಂತೆ ನೋವು ಏರುತ್ತದೆ, ನೋವಿನ ಔಷಧ ಕೊಟ್ಟರೆ ಮಂಪರು ಬರುತ್ತದೆ. ಆ ದಿನ ಅವನ ಬಾಯಿ ಒಣಗಿರುತ್ತದೆ, ನೀರು ಕೇಳುತ್ತಾನೆ. ನೋಡಲು ಬಂದವರಿಗೆ ಕರುಳು ಚುರ್ ಎನ್ನುತ್ತದೆ, ಒಂದು ಗುಟುಕು ಕುಡಿಸಿಬಿಡುತ್ತಾರೆ. ಇದನ್ನು ಮಾತ್ರ ಮಾಡಬೇಡಿ. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನೀರು ಯಾವಾಗ ಕೊಡಬೇಕೆಂದು ಸಿಸ್ಟರ್ ಹೇಳುತ್ತಾರೆ. ಅಲ್ಲಿಯ ತನಕ ಒದ್ದೆ ಬಟ್ಟೆಯಿಂದ ತುಟಿ ಒರೆಸಬಹುದೇ ಎಂದು ಅವರನ್ನೇ ಕೇಳಿ.

ಬುಧವಾರವೂ ಮನೆಯವರು ಮತ್ತು ಒಡಹುಟ್ಟಿದವರಿಗೇ ಬಿಡಿ. ಅಂದು ಡಾಕ್ಟರ್ ನೋಡಿ ಹೋದ ಮೇಲೆ ಫಿಸಿಯೋಥೆರಪಿಯವರು, ಅಂದರೆ ವ್ಯಾಯಾಮ ಮಾಡಿಸುವವರು, ಬಂದು ಅವನನ್ನು ಹಾಸಿಗೆಯ ಮೇಲೆ ಕೂಡಿಸುತ್ತಾರೆ. ಪಾದ ಆಡಿಸಲು, ಉಸಿರು ಎಳೆದು ಬಿಡಲು ಹೇಳುತ್ತಾರೆ. ನೋಡುವವರಿಗೆ ಇದು ಸಣ್ಣ ಕೆಲಸ. ಅವನಿಗೆ ಒಂದು ಎಕರೆ ಕಳೆ ಕಿತ್ತಷ್ಟು ದಣಿವು. ಗುರುವಾರ ಸಂಜೆಯ ಹೊತ್ತಿಗೆ ಸಾಮಾನ್ಯವಾಗಿ ಊಟ ಸೇರುತ್ತದೆ, ಮಾತು ಬರುತ್ತದೆ, ಯಾರಾದರೂ ಬಂದರೆ ಸಂತೋಷವೂ ಆಗುತ್ತದೆ. ನೀವು ಹೋಗಬೇಕಾದದ್ದು ಆಗ. ಹೊರಡುವ ಮೊದಲು ಜೊತೆಗಿರುವವರಿಗೆ ಒಂದು ಫೋನ್ ಮಾಡಿ, ಹೇಗಿದ್ದಾನೆ, ಬರಬಹುದೇ, ಯಾವ ಹೊತ್ತಿಗೆ ಒಳಗೆ ಬಿಡುತ್ತಾರೆ ಎಂದು ಕೇಳಿ. ರೋಗಿಗೆ ಫೋನ್ ಮಾಡಬೇಡಿ. ಭೇಟಿಯ ಸಮಯ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಇರುತ್ತದೆ, ಹೆಚ್ಚಾಗಿ ಸಂಜೆ ಒಂದೆರಡು ತಾಸು. ಬೆಳಿಗ್ಗೆ ಹೋದರೆ ಡಾಕ್ಟರು ನೋಡುವ ಹೊತ್ತು, ಗಾಯಕ್ಕೆ ಪಟ್ಟಿ ಬದಲಿಸುವ ಹೊತ್ತು, ಮೈ ಒರೆಸುವ ಹೊತ್ತು. ನೀವು ಹೊರಗೆ ಕಾಯಬೇಕು, ಅವನು ಮುಜುಗರಪಡಬೇಕು.

ಕ್ರೂಸರಿನಲ್ಲಿ ಬಂದ ಎಂಟು ಮಂದಿ ಒಟ್ಟಿಗೆ ಹಾಸಿಗೆಯ ಸುತ್ತ ನಿಲ್ಲಬಾರದು. ಇಬ್ಬಿಬ್ಬರಾಗಿ ಒಳಗೆ ಹೋಗಿ. ಉಳಿದವರು ಹೊರಗೆ ಇರಲಿ. ನಿಮಗೆ ನೆಗಡಿ, ಕೆಮ್ಮು, ಜ್ವರ, ಭೇದಿ ಏನಿದ್ದರೂ ಅಂದು ಹೋಗಲೇಬೇಡಿ. ನಿಮಗೆ ಎರಡು ದಿನದಲ್ಲಿ ಹೋಗುವ ಕೆಮ್ಮು, ಹಾಸಿಗೆ ಹಿಡಿದವನ ಎದೆಗೆ ಇಳಿದರೆ ವಾರಗಟ್ಟಲೆ ಕಾಡುತ್ತದೆ. ಸಣ್ಣ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಿ. ವಾರ್ಡಿನ ಬಾಗಿಲಲ್ಲಿ ಕೈಗೆ ಹಚ್ಚುವ ಔಷಧದ ಬಾಟಲಿ ಇದ್ದರೆ ಅಂಗೈ, ಬೆರಳ ಸಂದು, ಉಗುರಿನ ತುದಿಗೆ ಹಚ್ಚಿ ಒಣಗುವ ತನಕ ತಿಕ್ಕಿ. ಇಲ್ಲದಿದ್ದರೆ ಸಾಬೂನು ಹಾಕಿ ಇಪ್ಪತ್ತು ಸೆಕೆಂಡ್ ತೊಳೆಯಿರಿ. ಹೊರಗೆ ಬಂದ ಮೇಲೆ ಇನ್ನೊಮ್ಮೆ ತೊಳೆದುಕೊಳ್ಳಿ.

ಈಗ ನೀವು ಹಾಸಿಗೆಯ ಬಳಿ ಬಂದಿರಿ. ಹಾಸಿಗೆಯ ಅಂಚಿನಲ್ಲಿ ಕೂಡಬೇಡಿ. ಹಾಸಿಗೆ ಅಲುಗಿದರೆ ಮುರಿದ ಕಾಲು ಅಲುಗುತ್ತದೆ. ಸ್ಟೂಲ್ ಎಳೆದುಕೊಂಡು ಅವನ ಮುಖದ ಎತ್ತರಕ್ಕೆ, ಅವನು ಕತ್ತು ತಿರುಗಿಸದೆ ನಿಮ್ಮನ್ನು ನೋಡುವ ಹಾಗೆ ಕೂತುಕೊಳ್ಳಿ. ನಿಂತೇ ಮಾತಾಡಿದರೆ ಯಾವಾಗಲಾದರೂ ಹೊರಟುಬಿಡುವವರ ಹಾಗೆ ಕಾಣುತ್ತದೆ, ಹತ್ತು ನಿಮಿಷವಿದ್ದರೂ ಇದ್ದ ಹಾಗೆ ಅನಿಸುವುದಿಲ್ಲ. ಕೂತು ಮಾತಾಡಿದರೆ ಅದೇ ಹತ್ತು ನಿಮಿಷ ಮನಸ್ಸಿಗೆ ಹತ್ತುತ್ತದೆ. ಹಾಸಿಗೆಯ ಪಕ್ಕ ಮೂತ್ರದ ಚೀಲ ತೂಗಾಡುತ್ತಿದ್ದರೆ ಅದನ್ನು ಎತ್ತಿ ಮೇಲಿಡಬೇಡಿ. ಅದು ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗಬಹುದು. ಸಲೈನ್ ನಿಧಾನವಾಗಿ ಬೀಳುತ್ತಿದೆ ಎಂದು ಅದರ ಗಾಲಿ ತಿರುಗಿಸುವುದೂ ಬೇಡ. ಅನುಮಾನ ಬಂದರೆ ಸಿಸ್ಟರನ್ನು ಕರೆಯಿರಿ.

ಮೊದಲ ಮಾತಿನಲ್ಲೇ ಎಷ್ಟು ಹೊತ್ತು ಇರುತ್ತೀರಿ ಎಂದು ಹೇಳಿಬಿಡಿ. "ಹತ್ತು ನಿಮಿಷ ಕುಂದ್ರತೀನಿ, ಆಮ್ಯಾಲೆ ಹೊರಗ ಇರ್ತೀನಿ. ನೀ ಮಾತಾಡಬ್ಯಾಡ, ನಾ ಮಾತಾಡ್ತೀನಿ, ನೀ ಕೇಳು." ಈ ಒಂದು ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಬಂದವರು ಯಾವಾಗ ಏಳುತ್ತಾರೋ ಗೊತ್ತಿಲ್ಲದಿದ್ದರೆ ರೋಗಿ ಮೂತ್ರಕ್ಕೆ ಬಂದರೂ ತಡೆದುಕೊಂಡು, ನೋವಾದರೂ ನಕ್ಕು, ಮರ್ಯಾದೆಗೆ ಮಾತಾಡುತ್ತಲೇ ಇರುತ್ತಾನೆ. ಎಷ್ಟು ಹೊತ್ತೆಂದು ಗೊತ್ತಾದರೆ ಅವನು ಹಗುರಾಗುತ್ತಾನೆ.

ಹತ್ತೇ ನಿಮಿಷ ಏಕೆ? ಲೆಕ್ಕ ಹಾಕಿ ನೋಡಿ. ದೊಡ್ಡ ಬಳಗದವನನ್ನು ನೋಡಲು ದಿನಕ್ಕೆ ಹನ್ನೆರಡು ತಂಡ ಬಂದು, ತಂಡಕ್ಕೆ ಹತ್ತು ನಿಮಿಷವೆಂದರೆ ಎರಡು ತಾಸು. ಮುಕ್ಕಾಲು ತಾಸು ಎಂದರೆ ಒಂಬತ್ತು ತಾಸು. ಅದರ ನಡುವೆ ಅವನು ಮಲಗುವುದು ಯಾವಾಗ, ಉಣ್ಣುವುದು ಯಾವಾಗ? ಅವನು ಚೆನ್ನಾಗಿ ಎಚ್ಚರವಿದ್ದು, ತಾನೇ ಮಾತು ಬೆಳೆಸಿ, ನಿಮ್ಮನ್ನು ಕೂಡು ಎಂದರೆ ಇಪ್ಪತ್ತು ನಿಮಿಷವಾಗಲಿ. ಅದರ ಮೇಲೆ ಬೇಡ. ಐಸಿಯು, ಅಂದರೆ ತೀವ್ರ ನಿಗಾ ಘಟಕದಲ್ಲಿದ್ದರೆ ಒಬ್ಬರೇ ಹೋಗಿ ಎರಡು ಮೂರು ನಿಮಿಷಕ್ಕೆ ಬನ್ನಿ. ಮಾತಾಡಲು ಆಗದವನಿಗೂ ಕಿವಿ ಕೇಳುತ್ತಿರಬಹುದು, ಆದ್ದರಿಂದ ಅವನ ಸ್ಥಿತಿಯ ಬಗ್ಗೆ ಅಲ್ಲಿ ನಿಂತು ಗುಸುಗುಸು ಮಾಡಬೇಡಿ. ಹೆಸರು ಹೇಳಿ, ಬಂದಿದ್ದೇನೆ ಎಂದು ಹೇಳಿ, ಅಷ್ಟು ಸಾಕು.

ಹತ್ತು ನಿಮಿಷ ಆಗುವ ಮೊದಲೇ ಏಳಬೇಕಾದ ಗುರುತುಗಳೂ ಇವೆ. ಉತ್ತರ "ಹೂಂ, ಹೂಂ" ಎಂಬಲ್ಲಿಗೆ ಇಳಿಯುತ್ತದೆ. ಕಣ್ಣು ಮುಚ್ಚಿ ತೆರೆಯುವುದು ನಿಧಾನವಾಗುತ್ತದೆ. ಕೈ ಮತ್ತೆ ಮತ್ತೆ ಚಾದರ ಸರಿಮಾಡುತ್ತದೆ. ಅವನು ನಿಮ್ಮನ್ನು ಬಿಟ್ಟು ಹೆಂಡತಿಯ ಮುಖ ನೋಡುತ್ತಾನೆ. ಈ ಕೊನೆಯದನ್ನು ಕಂಡ ತಕ್ಷಣ ಎದ್ದು ಹೊರಗೆ ಹೋಗಿ, ಅವನಿಗೆ ಅವಳ ಹತ್ತಿರ ಮಾತ್ರ ಹೇಳುವ ಅಗತ್ಯವೊಂದಿದೆ. ಆದರೆ ಒಮ್ಮೆಲೇ ಬೆವೆತರೆ, ಉಸಿರಿಗೆ ಒದ್ದಾಡಿದರೆ, ಮಾತು ತೊದಲಿದರೆ ಅದು ದಣಿವಲ್ಲ. ಕೂಡಲೇ ಸಿಸ್ಟರನ್ನು ಕೂಗಿ.

ಏನು ಮಾತಾಡಬೇಕು ಎನ್ನುವುದಕ್ಕಿಂತ ಮೊದಲು ಒಂದು ಪ್ರಶ್ನೆಯನ್ನು ಬಿಡೋಣ: "ಹೆಂಗಾತಪ್ಪಾ ಇದು?" ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಬಂದವರೆಲ್ಲ ಕೇಳುತ್ತಾರೆ. ಎದುರಿಗೆ ಲಾರಿ ಬಂದದ್ದು, ಬೈಕು ಜಾರಿದ್ದು, ಕಾಲು ಮಡಚಿದ್ದು, ಎಲ್ಲವನ್ನೂ ಅವನು ದಿನಕ್ಕೆ ಹತ್ತು ಸಲ ಹೇಳಬೇಕು, ಹೇಳಿದಾಗಲೆಲ್ಲ ಇನ್ನೊಮ್ಮೆ ಬೀಳಬೇಕು. ಆ ಕಥೆ ಬೇಕಿದ್ದರೆ ಅವನ ತಮ್ಮನನ್ನು ಹೊರಗೆ ಕೇಳಿ. ಅವನಾಗಿಯೇ ಹೇಳಲು ಶುರು ಮಾಡಿದರೆ ಮಾತ್ರ ಸುಮ್ಮನೆ ಕೂತು ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ.

ಅದರ ಹಿಂದೆಯೇ ಬರುವ ಇನ್ನೂ ಕೆಲವು ಮಾತುಗಳಿವೆ. "ಅಷ್ಟು ಜೋರು ಯಾಕ ಓಡಿಸ್ದಿ?" "ಇಲ್ಲಿಗೆ ಯಾಕ ಬಂದ್ರಿ, ಹುಬ್ಬಳ್ಳಿಗೆ ಹೋಗಬೇಕಿತ್ತು." "ರಾಡ್ ಯಾಕ ಹಾಕಿಸ್ದಿ, ಎಲುಬು ಕಟ್ಟೋರ ಹತ್ರ ಹೋಗಿದ್ರ ಆಗ್ತಿತ್ತು." "ನಮ್ಮ ಮಾವಗೂ ಹಿಂಗ ಆಗಿತ್ತು, ಕಾಲು ಗಿಡ್ಡ ಆತು." ಆಪರೇಷನ್ ಮುಗಿದಿದೆ. ಇನ್ನು ಅದನ್ನು ಬದಲಿಸಲು ಆಗದು. ಈ ಮಾತುಗಳು ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಮಲಗಿದವನ ತಲೆಯಲ್ಲಿ ತಿರುಗುತ್ತವೆ. ಅದರಲ್ಲೂ ಎಲುಬು ಕಟ್ಟುವವರ ಮಾತು ಅಪಾಯ. ಅದನ್ನು ನಂಬಿ ಮನೆಗೆ ಹೋದ ಮೇಲೆ ರಾಡ್ ಹಾಕಿದ ಕಾಲಿಗೆ ಎಣ್ಣೆ ತಿಕ್ಕಿಸಿ ಬಿದಿರುಪಟ್ಟಿ ಬಿಗಿಸಿಕೊಂಡರೆ ಹೊಲಿಗೆ ಕೆಡುತ್ತದೆ, ರಕ್ತ ಓಡಾಟ ನಿಲ್ಲುತ್ತದೆ.

ಹಾಗಾದರೆ ಏನು ಮಾತಾಡುವುದು? ಊರನ್ನು ಅವನ ಬಳಿಗೆ ಒಯ್ಯಿರಿ. ಮಳೆ ಬಂತೋ ಇಲ್ಲವೋ, ತೊಗರಿ ಹೂವಿಗೆ ಬಂತೋ, ಅವನ ಎತ್ತು ಮೇವು ತಿಂತೋ, ಸಂತೆಯಲ್ಲಿ ಏನು ರೇಟು ಇತ್ತು, ಇವೇ ಅವನಿಗೆ ಬೇಕಾದ ಸುದ್ದಿ. ಮೊಹರಂ ಹತ್ತಿರವಿದ್ದರೆ ಹುಸೇನಿ ಆಲಂ ದೇವರು ಕೂಡಿಸುವ ತಯಾರಿ ಎಲ್ಲಿಗೆ ಬಂತೆಂದು ಹೇಳಿ. ಮುದಗಲ್ಲಿನವರಿಗೆ ಜಾತಿ ಯಾವುದಿದ್ದರೂ ಆ ಸುದ್ದಿ ಬೇಕು. ನಾಲ್ಕು ಮಾತು ಇಂಥವು, ನಡುವೆ ಸ್ವಲ್ಪ ಮೌನ. ಮೌನಕ್ಕೆ ಅಂಜಬೇಡಿ, ತುಂಬಲು ಹೋಗಬೇಡಿ.

"ನಿಂಗೇನೂ ಆಗಿಲ್ಲ, ಎಂಟು ದಿನಕ್ಕ ಎದ್ದು ಓಡಾಡ್ತಿ" ಎನ್ನಬೇಡಿ. ತೊಡೆಯ ಮೂಳೆ ಕೂಡಲು ತಿಂಗಳುಗಳು ಬೇಕು. ಡಾಕ್ಟರು ಅದನ್ನು ಅವನಿಗೆ ಹೇಳಿದ್ದಾರೆ. ನೀವು ಎಂಟು ದಿನ ಎಂದರೆ ಅವನು ತನ್ನ ಭಯವನ್ನು ನಿಮ್ಮ ಮುಂದೆ ಹೇಳಲಾರದೆ ನುಂಗುತ್ತಾನೆ. "ನೋವು ಭಾಳ ಐತೇನು?" ಎಂದು ಕೇಳಿ. ಐತಿ ಎಂದರೆ "ಇರ್ತದ, ದೊಡ್ಡ ಎಲುಬು ಅದು" ಎಂದಷ್ಟೇ ಹೇಳಿ ಕೈ ಹಿಡಿಯಿರಿ. ಸಲೈನ್ ಇಲ್ಲದ ಕೈ.

"ಏನಾರ ಬೇಕಾದ್ರ ಹೇಳಪ್ಪಾ" ಎಂದರೆ ಬರುವ ಉತ್ತರ ಒಂದೇ: "ಏನೂ ಬ್ಯಾಡ." ಅದರ ಬದಲು ಒಂದು ಕೆಲಸ ಹಿಡಿದು ಹೇಳಿ. "ತೊಗರಿಗೆ ಎಣ್ಣಿ ಹೊಡಿಸೋದು ಬರೋ ಸೋಮವಾರ ನಾ ಮಾಡಿಸ್ತೀನಿ, ನಿನ್ನ ತಮ್ಮಗ ಹೇಳೀನಿ." ಎಣ್ಣಿ ಎಂದರೆ ಕೀಟಕ್ಕೆ ಹೊಡೆಯುವ ಔಷಧ. ಹೊಲದವನಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಲಿನಷ್ಟೇ ನೋವು ಕೊಡುವುದು ನಿಂತ ಕೆಲಸ. ಹೇಳಿದ ಮೇಲೆ ಆ ಸೋಮವಾರವೇ ಮಾಡಿಸಿ, ಸಂಜೆ ಫೋನ್ ಮಾಡಿ ತಿಳಿಸಿ.

ಏನು ಒಯ್ಯಬೇಕು? ರೋಗಿಗೆ ತಿನ್ನಲು ಒಯ್ಯುವ ಮುನ್ನ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಖರ್ಜೂರ, ದ್ರಾಕ್ಷಿ, ಪೇಡೆ ಆಗದು. ಎಳನೀರು ಎಲ್ಲರಿಗೂ ಒಳ್ಳೆಯದೆಂದು ನಾವು ನಂಬಿದ್ದೇವೆ, ಆದರೆ ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದರಲ್ಲಿನ ಪೊಟ್ಯಾಶಿಯಂ ಎಂಬ ಲವಣ ಹೃದಯದ ಬಡಿತವನ್ನೇ ಕೆಡಿಸಬಹುದು. ಗುಡಿಯ ಅಂಗಾರ, ದರ್ಗಾದ ಊದು ಒಯ್ಯುವುದಿದ್ದರೆ ಕಾಗದದಲ್ಲಿ ಕಟ್ಟಿ ತಲೆದಿಂಬಿನ ಕೆಳಗಿಡಿ. ಗಾಯದ ಪಟ್ಟಿಯ ಹತ್ತಿರ ಮಾತ್ರ ಉದುರಿಸಬೇಡಿ.

ಇನ್ನು ನಿಮ್ಮ ಹತ್ತಿರ ಉಳಿದ ಸಮಯಕ್ಕೆ ಬರೋಣ. ಅಷ್ಟು ದೂರ ಬಂದಿದ್ದೀರಿ, ಹತ್ತು ನಿಮಿಷ ಮುಗಿಯಿತು. ಆ ಉಳಿದ ಹೊತ್ತು ಅವನ ಹೆಂಡತಿಯದು. ಅವಳು ಮೂರು ದಿನದಿಂದ ಹಾಸಿಗೆಯ ಕೆಳಗೆ ಚಾಪೆ ಹಾಸಿ ಮಲಗಿದ್ದಾಳೆ. ಔಷಧದ ಅಂಗಡಿ, ಎಕ್ಸ್‌ರೇ, ಬಿಲ್ಲಿನ ಕಿಟಕಿ ಎಂದು ಓಡಾಡಿದ್ದಾಳೆ. "ಅಕ್ಕಾ, ಎರಡು ತಾಸು ನಾ ಇಲ್ಲೇ ಇರ್ತೀನಿ. ನೀ ಹೋಗಿ ಜಳಕ ಮಾಡಿ, ಉಂಡು, ಸ್ವಲ್ಪ ಮಲಕ್ಕೊಂಡು ಬಾ." ಹೀಗೆ ಹೇಳಿ, ನೀವು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂಡಿ. ಅವನು ಮಲಗಲಿ, ಕರೆದರೆ ಎದ್ದು ಹೋಗಿ. ದೂರದಿಂದ ಬಂದದ್ದಕ್ಕೆ ಬೆಲೆ ಬರುವುದು ಇಲ್ಲಿ. ಬುತ್ತಿ ಒಯ್ಯುವುದಾದರೆ ಅವಳಿಗೆ ಒಯ್ಯಿರಿ: ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಪಲ್ಯ ಎರಡು ದಿನ ಬರುತ್ತವೆ, ಹೋಟೆಲಿನ ಖರ್ಚು ಉಳಿಯುತ್ತದೆ.

ದುಡ್ಡು ಕೊಡುವುದಿದ್ದರೆ ಎಲ್ಲರೆದುರು ತಲೆದಿಂಬಿನ ಬಳಿ ಇಡಬೇಡಿ. ಹೊರಗೆ ಕರೆದು, ನೋಟು ಮಡಚಿ ಅವಳ ಕೈಯಲ್ಲಿ ಕೊಡಿ, "ಇದು ಮುಯ್ಯಿ ಅಲ್ಲಕ್ಕಾ, ಬರಕೋಬ್ಯಾಡ" ಎಂದು ಹೇಳಿ. ಬಿಲ್ ಎಷ್ಟಾಯಿತೆಂದು ಕೇಳುವ ಬದಲು ರೇಷನ್ ಕಾರ್ಡ್ ತೋರಿಸಿದ್ದಾರೆಯೇ ಎಂದು ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಕಾರ್ಡು ಊರಲ್ಲೇ ಉಳಿದಿದ್ದರೆ ತಂದುಕೊಡುವುದು ನಿಮ್ಮ ಕೆಲಸವಾಗಲಿ.

ರಕ್ತದ ವಿಷಯವನ್ನೂ ಕೇಳಿ. ತೊಡೆಯ ಮೂಳೆ ಮುರಿದರೆ ಹೊರಗೆ ಗಾಯ ಕಾಣದಿದ್ದರೂ ಒಳಗೇ ಒಂದು ಲೀಟರಿನಷ್ಟು ರಕ್ತ ಸೋರಬಹುದು. ಆಸ್ಪತ್ರೆ ಅವನಿಗೆ ರಕ್ತ ಕೊಟ್ಟಿದ್ದರೆ ಅದರ ಬದಲಿಗೆ ಕೊಡಲು ಜನ ಬೇಕಾಗಿರಬಹುದು. ಅದಕ್ಕೆ ನಿಮ್ಮ ಗುಂಪು ಅವನ ಗುಂಪಿಗೆ ಹೊಂದಬೇಕೆಂದಿಲ್ಲ. 18ರಿಂದ 65 ವರ್ಷದೊಳಗಿದ್ದು, ತೂಕ 45 ಕಿಲೋಗಿಂತ ಕಡಿಮೆ ಇಲ್ಲದೆ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಹಿಂದೆ ಕೊಟ್ಟಿದ್ದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ಬಸ್ಸಿನಲ್ಲಿ ಉಪವಾಸ ಬಂದು ಕೊಡಬೇಡಿ, ಮೊದಲು ಉಣ್ಣಿ.

ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಲುಂಗಿ ಸರಿದ, ಗಡ್ಡ ಬೆಳೆದ ತನ್ನ ಮುಖವನ್ನು ಊರೆಲ್ಲ ನೋಡಲಿ ಎಂದು ಅವನು ಹೇಳಿಲ್ಲ.

ಮನೆಗೆ ಬಂದ ಮೇಲೆ ಮೊದಲ ವಾರ ಮನೆ ತುಂಬ ಜನ. ಮೂರನೆಯ ವಾರಕ್ಕೆ ಯಾರೂ ಇಲ್ಲ. ವಾಕರ್ ಹಿಡಿದು ಅಂಗಳದ ತನಕ ಬರಲು ಕಲಿತಿರುತ್ತಾನೆ, ಹೊಲಕ್ಕೆ ಹೋಗುವ ಹಾಗಿಲ್ಲ, ದಿನ ಹೋಗುವುದಿಲ್ಲ. ಒಂದು ತಾಸು ಕೂತು ಮಾತಾಡಬೇಕೆಂದಿದ್ದರೆ ಅದಕ್ಕೆ ಈಗ ಹೊತ್ತು. ಆಗಲೂ ಅವನ ಕಾಲನ್ನು ಒಮ್ಮೆ ನೋಡಿ. ಮೀನಖಂಡ ಒಮ್ಮೆಲೇ ಊದಿ ಬಿಗಿದು ನೋಯುತ್ತಿದ್ದರೆ ರಕ್ತನಾಳದಲ್ಲಿ ಗಡ್ಡೆ ಕಟ್ಟಿರಬಹುದು. ತಿಕ್ಕದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಜೊತೆಗೆ ಏದುಸಿರೂ ಇದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಸುಮಾರು ಆರು ವಾರಕ್ಕೆ ಅವನನ್ನು ಮತ್ತೆ ಬಾಗಲಕೋಟೆಗೆ ಕರೆಯುತ್ತಾರೆ, ಎಕ್ಸ್‌ರೇ ತೆಗೆದು ಮೂಳೆ ಕೂಡುತ್ತಿದೆಯೇ ಎಂದು ನೋಡಲು. ವಾಕರ್ ಹಿಡಿದು ಬಸ್ಸಿನ ಮೆಟ್ಟಿಲು ಹತ್ತುವುದು ಆಗದ ಕೆಲಸ. ಆ ತಾರೀಖು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನ ಸೀಟು ಹಿಂದಕ್ಕೆ ಸರಿಯುವ ಗಾಡಿ ಗೊತ್ತು ಮಾಡಿ, ಹಳೆಯ ಎಕ್ಸ್‌ರೇ ಮತ್ತು ಡಿಸ್ಚಾರ್ಜ್ ಚೀಟಿ ಒಂದೇ ಚೀಲದಲ್ಲಿ ಹಾಕಿಸಿ, ಬೆಳಿಗ್ಗೆ ಬೇಗ ಹೊರಡಿ.